ಕಪ್ಪು ಮತ್ತು ಕಿತ್ತಳೆ: ಎರಡು ಬಣ್ಣದ ಲೇಬಲ್‌ಗೆ ಸ್ಪಾಟ್ ಬಣ್ಣದ ಪಿಡಿಎಫ್ ಸಿದ್ಧಪಡಿಸುವುದು

ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದಕ್ಕೆ ಲೇಬಲ್ ಬೇಕು. ದಾವಣಗೆರೆಯ ಪ್ರೆಸ್ಸಿನಲ್ಲಿ ಸಿಂಗಲ್ ಕಲರ್ ಆಫ್‌ಸೆಟ್ ಮಶೀನಿನ ಮೇಲೆ, ಕಪ್ಪು ಮತ್ತು ಕಿತ್ತಳೆ ಎರಡೇ ಬಣ್ಣದಲ್ಲಿ, ಆರ್ಟ್ ಪೇಪರ್ ಮೇಲೆ ಅದು ಅಚ್ಚಾಗಬೇಕು. ಡಿಸೈನ್ ಮಾಡಿದವರ ಪರದೆಯಲ್ಲಿ ಕಾಣುವುದು ಕಪ್ಪು ಮತ್ತು ಕಿತ್ತಳೆ ಮಾತ್ರ. ಆದರೆ ಪಿಡಿಎಫ್ ಪ್ಲೇಟು ತಯಾರಿಸುವ ಸಿಟಿಪಿಗೆ ಹೋದಾಗ ಅಲ್ಲಿಂದ ಫೋನ್ ಬರುತ್ತದೆ: ‘ಇದ್ರಲ್ಲಿ ನಾಲ್ಕು ಪ್ಲೇಟ್ ಬರ್ತಾ ಇದೆ, ಏನ್ ಮಾಡ್ಲಿ?’ ಕೆಲವೊಮ್ಮೆ ಐದು, ಆರು ಪ್ಲೇಟ್ ಬರುವುದೂ ಉಂಟು. ಇದೇ ಲೇಬಲನ್ನು ಮೊದಲಿನಿಂದ ಕೊನೆಯವರೆಗೆ ಮಾಡುತ್ತ ಹೋದರೆ, ಎಣಿಕೆ ಎಲ್ಲಿ ತಪ್ಪುತ್ತದೆ, ಅದನ್ನು ಹೇಗೆ ತಡೆಯಬೇಕು ಎನ್ನುವುದು ತಿಳಿಯುತ್ತದೆ.

ಎರಡು ಕಿತ್ತಳೆಗಳು

ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಸಿಎಂವೈಕೆಯಲ್ಲಿ ಕಿತ್ತಳೆ ಎನ್ನುವ ಶಾಯಿಯೇ ಇಲ್ಲ. ಹಳದಿ ಪ್ಲೇಟು ಪೂರ್ತಿ ತುಂಬಿ, ಅದರ ಮೇಲೆ ಮೆಜೆಂಟಾ ಪ್ಲೇಟಿನ ಚುಕ್ಕೆಗಳು ಕೂತಾಗ ನಮ್ಮ ಕಣ್ಣು ಅದನ್ನು ಕಿತ್ತಳೆ ಎಂದು ಓದುತ್ತದೆ. ಅಂದರೆ ಒಂದು ಕಿತ್ತಳೆಗೆ ಎರಡು ಪ್ಲೇಟು, ಸಿಂಗಲ್ ಕಲರ್ ಮಶೀನಿನಲ್ಲಿ ಎರಡು ಸಲ ಓಡಿಸುವ ಕೆಲಸ. ಕಪ್ಪು ಸೇರಿದರೆ ಮೂರು. ಚುಕ್ಕೆಯಿಂದಾದ ಬಣ್ಣಕ್ಕೆ ಇನ್ನೆರಡು ತೊಂದರೆಗಳಿವೆ. ಓಟದ ನಡುವೆ ಮೆಜೆಂಟಾ ಸ್ವಲ್ಪ ಏರಿದರೆ ಲೇಬಲ್ ಕೆಂಪಗಾಗುತ್ತದೆ, ಇಳಿದರೆ ಹಳದಿಗೆ ವಾಲುತ್ತದೆ. ಸಣ್ಣ ಅಕ್ಷರಗಳಲ್ಲಿ ಮೆಜೆಂಟಾ ಮತ್ತು ಹಳದಿ ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಅಂಚಿನಲ್ಲಿ ಹಳದಿ ಗೆರೆ ಕಾಣುತ್ತದೆ.

ಸ್ಪಾಟ್ ಬಣ್ಣದಲ್ಲಿ ಕಿತ್ತಳೆ ಡಬ್ಬದಲ್ಲೇ ಕಿತ್ತಳೆಯಾಗಿರುತ್ತದೆ. ಒಂದು ಶಾಯಿ, ಒಂದು ಪ್ಲೇಟು. ಬಣ್ಣ ಪೂರ್ತಿ ತುಂಬಿದ ಸಾಲಿಡ್ ಇರುವಲ್ಲಿ ಚುಕ್ಕೆಯೇ ಇರುವುದಿಲ್ಲವಾದ್ದರಿಂದ ಅಕ್ಷರದ ಅಂಚು ಚೂಪಾಗಿ ಬರುತ್ತದೆ. ಓಟದಲ್ಲಿ ಶಾಯಿ ಹೆಚ್ಚು ಕಡಿಮೆಯಾದರೆ ಬಣ್ಣ ಗಾಢವಾಗುತ್ತದೆ ಅಥವಾ ತೆಳುವಾಗುತ್ತದೆ, ಆದರೆ ಕೆಂಪಿಗೋ ಹಳದಿಗೋ ಅಷ್ಟಾಗಿ ಜಾರುವುದಿಲ್ಲ. ಇಲ್ಲಿ ಆಯ್ದುಕೊಂಡಿರುವ ಪ್ಯಾಂಟೋನ್ ಆರೆಂಜ್ 021ರಂಥ ಹೊಳಪಿನ ಕಿತ್ತಳೆಯಂತೂ ಸಿಎಂವೈಕೆಯಲ್ಲಿ ಸಿಗುವುದೇ ಇಲ್ಲ. ಹಳದಿ ಮತ್ತು ಮೆಜೆಂಟಾ ಶಾಯಿಗಳೆರಡೂ ತಾವು ಹಿಂತಿರುಗಿಸಬೇಕಾದ ಬೆಳಕಿನಲ್ಲಿ ಒಂದಷ್ಟನ್ನು ಹೀರಿಕೊಳ್ಳುತ್ತವೆ. ಒಂದರ ಮೇಲೊಂದು ಬಿದ್ದಾಗ ಆ ನಷ್ಟ ಕೂಡಿ ಬಣ್ಣ ಮಂಕಾಗುತ್ತದೆ. ಆರೆಂಜ್ 021 ಪ್ಯಾಂಟೋನ್ ಪದ್ಧತಿಯ ಮೂಲ ಶಾಯಿಗಳಲ್ಲೇ ಒಂದಾದ್ದರಿಂದ ಅದನ್ನು ಬೇರೆ ಶಾಯಿಗಳಿಂದ ಕಲಸಬೇಕಾಗಿಯೂ ಇಲ್ಲ.

ಲೇಬಲ್ ಮೇಲೆ ಬಣ್ಣದ ಫೋಟೋ ಬೇಕೆಂದರೆ, ಅಥವಾ ಡಿಜಿಟಲ್ ಪ್ರಿಂಟರ್‌ನಲ್ಲಿ ನೂರಿನ್ನೂರು ಪ್ರತಿ ಸಾಕೆಂದರೆ ಸ್ಪಾಟ್ ಬಣ್ಣದ ಹಾದಿ ಬೇಡ. ಸಾಮಾನ್ಯ ಡಿಜಿಟಲ್ ಮಶೀನು ಸ್ಪಾಟ್ ಬಣ್ಣವನ್ನು ತನ್ನ ನಾಲ್ಕು ಬಣ್ಣಕ್ಕೇ ಇಳಿಸಿಕೊಂಡು ಅಚ್ಚು ಹಾಕುತ್ತದೆ.

ಪಿಡಿಎಫ್ ಒಳಗೆ ಇರುವುದು ಹೆಸರು

ಇದೊಂದು ಗಟ್ಟಿಯಾಗಿ ಅರ್ಥವಾದರೆ ಮುಂದಿನ ಅರ್ಧಕ್ಕರ್ಧ ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ. ಸಿಎಂವೈಕೆ ಕಿತ್ತಳೆಯನ್ನು ಪಿಡಿಎಫ್ ಹೀಗೆ ಬರೆದುಕೊಳ್ಳುತ್ತದೆ:

```
0 0.65 1 0 k
```

ಸಯಾನ್ ಸೊನ್ನೆ, ಮೆಜೆಂಟಾ 65, ಹಳದಿ 100, ಕಪ್ಪು ಸೊನ್ನೆ. ಸ್ಪಾಟ್ ಕಿತ್ತಳೆಯನ್ನು ಬರೆಯುವ ರೀತಿಯೇ ಬೇರೆ:

```
/CS1 [/Separation /PANTONE#20Orange#20021#20C
      /DeviceCMYK 12 0 R]

/CS1 cs
0.3 scn
```

ಮೊದಲನೆಯದು ಹೆಸರು. `#20` ಎಂದರೆ ಅಲ್ಲೊಂದು ಖಾಲಿ ಜಾಗವಿದೆ ಎಂದಷ್ಟೇ. ಕೊನೆಯ `0.3` ಎಂದರೆ ಆ ಶಾಯಿಯ 30% ಟಿಂಟ್, ಅಂದರೆ ಚುಕ್ಕೆಗಳಿಂದ ತೆಳುವಾಗಿಸಿದ ಬಣ್ಣ. ನಡುವಿನ `/DeviceCMYK` ಭಾಗ, ಆ ಶಾಯಿ ಇಲ್ಲದ ಕಡೆ ಏನು ತೋರಿಸಬೇಕು ಎಂದು ಹೇಳುವ ಬದಲಿ ವ್ಯವಸ್ಥೆ. ಪರದೆಯೂ ಆಫೀಸಿನ ಲೇಸರ್ ಪ್ರಿಂಟರೂ ಅದನ್ನೇ ಬಳಸುತ್ತವೆ. ಸಿಟಿಪಿಯಲ್ಲಿ ಪ್ಲೇಟುಗಳನ್ನು ಬೇರ್ಪಡಿಸುವಾಗ ಈ ಬದಲಿ ಬಣ್ಣಕ್ಕೆ ಯಾವ ಬೆಲೆಯೂ ಇಲ್ಲ. ಹೆಸರಿಗೊಂದು ಪ್ಲೇಟು ಬೀಳುತ್ತದೆ, ಟಿಂಟ್ ಇದ್ದಷ್ಟು ಚುಕ್ಕೆ ಬೀಳುತ್ತದೆ.

ಹಾಗಾಗಿ ಪರದೆಯ ಮೇಲೆ ಕಿತ್ತಳೆ ಎಷ್ಟು ಚೆನ್ನಾಗಿ ಕಾಣುತ್ತದೆ ಎನ್ನುವುದು ಅಚ್ಚಿನ ಬಣ್ಣವನ್ನು ತೀರ್ಮಾನಿಸುವುದಿಲ್ಲ. ಅದನ್ನು ತೀರ್ಮಾನಿಸುವುದು ಮಶೀನಿಗೆ ಹಾಕುವ ಶಾಯಿ. 2022ರ ಕೊನೆಯಲ್ಲಿ ಅಡೋಬಿ ಸಾಫ್ಟ್‌ವೇರ್‌ಗಳಿಂದ ಪ್ಯಾಂಟೋನ್ ಪಟ್ಟಿಗಳಲ್ಲಿ ಹೆಚ್ಚಿನವನ್ನು ತೆಗೆದಾಗ ಅನೇಕರು ಗಾಬರಿಯಾದರು. ಪಟ್ಟಿ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಹೊಸ ಸ್ವಾಚ್ ಮಾಡಿ, ಅದರ ಬಗೆಯನ್ನು `Spot` ಎಂದಿಟ್ಟು, ಹೆಸರನ್ನು ಕೈಯಾರೆ ಟೈಪ್ ಮಾಡಿ, ತೋರಿಕೆಗೆ 0, 65, 100, 0 ಕೊಟ್ಟರೆ ಅದೇ ಪ್ಲೇಟು ಬರುತ್ತದೆ.

ಹೆಸರೇ ಪ್ಲೇಟು ಎನ್ನುವುದಕ್ಕೆ ಇನ್ನೊಂದು ಮುಖವಿದೆ. `PANTONE Orange 021 C` ಒಂದು ಪ್ಲೇಟಾದರೆ `PANTONE Orange 021 U` ಇನ್ನೊಂದು. ಕೊನೆಯ ಸಿ ಎಂದರೆ ಆರ್ಟ್ ಪೇಪರಿನಂಥ ಕೋಟೆಡ್ ಕಾಗದದ ಮೇಲೆ, ಯು ಎಂದರೆ ಮ್ಯಾಪ್‌ಲಿಥೋದಂಥ ಲೇಪವಿಲ್ಲದ ಕಾಗದದ ಮೇಲೆ ಕಾಣುವ ಬಣ್ಣ. ಎರಡಕ್ಕೂ ಶಾಯಿ ಒಂದೇ. ಕಂಪ್ಯೂಟರಿಗೆ ಮಾತ್ರ ಅವು ಎರಡು ಬೇರೆ ಶಾಯಿಗಳು. ಮಿಲ್ಲಿನವರು ಹಳೆಯ ಸಿಡಿಯಿಂದ ತೆಗೆದುಕೊಟ್ಟ ಲೋಗೋದಲ್ಲಿ ಹೆಸರಿನ ಕೊನೆಗೆ `CVC` ಎಂದಿದ್ದರೆ ಅದು ಮೂರನೆಯದು. ಯಾರೋ `orange` ಎಂದು ಹೆಸರಿಟ್ಟಿದ್ದರೆ ನಾಲ್ಕನೆಯದು. ದೊಡ್ಡಕ್ಷರ, ಸಣ್ಣಕ್ಷರ, ಒಂದು ಹೆಚ್ಚಿನ ಖಾಲಿ ಜಾಗ, ಯಾವುದು ಬದಲಾದರೂ ಹೆಸರು ಬದಲಾದಂತೆಯೇ.

ಕೋರೆಲ್‌ಡ್ರಾದಲ್ಲಿ ಕಟ್ಟುವುದು

ಹೊಸ ಫೈಲ್ ತೆರೆಯುವಾಗಲೇ ಡಾಕ್ಯುಮೆಂಟಿನ ಮುಖ್ಯ ಬಣ್ಣದ ಮೋಡ್ ಸಿಎಂವೈಕೆ ಇರಲಿ. ಪರದೆಯ ಮೋಡ್ ಆದ ಆರ್‌ಜಿಬಿ ಇದ್ದರೆ ಪ್ಯಾಲೆಟ್ಟಿನ ಕಪ್ಪೂ ಆರ್‌ಜಿಬಿ ಕಪ್ಪೇ ಆಗಬಹುದು. ಅದು ಪ್ಲೇಟಿಗೆ ಹೋಗುವಾಗ ನಾಲ್ಕೂ ಬಣ್ಣಕ್ಕೆ ಒಡೆಯುತ್ತದೆ. ಎರಡು ಬಣ್ಣದ ಕೆಲಸದಲ್ಲಿ ನಾಲ್ಕು ಪ್ಲೇಟು ಕಾಣಿಸಿಕೊಳ್ಳುವುದಕ್ಕೆ ದೊಡ್ಡ ಕಾರಣ ಈ ಕಪ್ಪೇ. ವರ್ಡ್‌ನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದ ಪಠ್ಯದಲ್ಲೂ ಇದೇ ಆಗುತ್ತದೆ. ಎಲ್ಲ ಕಪ್ಪು ಅಕ್ಷರಗಳೂ 0, 0, 0, 100 ಇವೆಯೇ ಎಂದು ಒಂದೊಂದಾಗಿ ನೋಡಿಕೊಳ್ಳಿ.

ಮಿಲ್ಲಿನ ಹೆಸರನ್ನು ಆಯ್ದು, ಫಿಲ್ ಕಿಟಕಿಯಲ್ಲಿ ಪ್ಯಾಲೆಟ್ಟುಗಳ ಭಾಗಕ್ಕೆ ಹೋಗಿ, ಪ್ಯಾಂಟೋನ್ ಸಾಲಿಡ್ ಕೋಟೆಡ್ ಪಟ್ಟಿಯಿಂದ ಆರೆಂಜ್ 021 ಸಿ ತೆಗೆದುಕೊಳ್ಳಿ. ಹಿನ್ನೆಲೆಯ ಶೇಂಗಾ ಬಳ್ಳಿಯ ಚಿತ್ರಕ್ಕೆ ತಿಳಿಗಿತ್ತಳೆ ಬೇಕು. ಇಲ್ಲಿ ಅನೇಕರು ಕಣ್ಣಳತೆಯಲ್ಲಿ ಸಿಎಂವೈಕೆಯ ತಿಳಿಗಿತ್ತಳೆಯೊಂದನ್ನು ಹಾಕಿಬಿಡುತ್ತಾರೆ, ಅಲ್ಲಿಗೆ ಮೆಜೆಂಟಾ ಮತ್ತು ಹಳದಿ ಪ್ಲೇಟು ಹುಟ್ಟಿಕೊಳ್ಳುತ್ತವೆ. ಹಾಗೆ ಮಾಡದೆ ಅದೇ ಆರೆಂಜ್ 021 ಇಟ್ಟುಕೊಂಡು ಟಿಂಟನ್ನು 30%ಕ್ಕೆ ಇಳಿಸಿ. ಅಚ್ಚಿನಲ್ಲಿ ಚುಕ್ಕೆ ಹರಡಿಕೊಳ್ಳುವುದರಿಂದ ಪರದೆಯಲ್ಲಿ ಕಂಡದ್ದಕ್ಕಿಂತ ಗಾಢವಾಗಿಯೇ ಬರುತ್ತದೆ, ಮ್ಯಾಪ್‌ಲಿಥೋದಲ್ಲಿ ಇನ್ನೂ ಹೆಚ್ಚು. ಹಿನ್ನೆಲೆ ತೆಳುವಾಗಿರಬೇಕೆಂದರೆ 20% ಸಾಕು.

ಟಿಂಟ್ ಹಾಕಿದ ಬಣ್ಣದಲ್ಲಿ ಸಣ್ಣ ಕನ್ನಡ ಅಕ್ಷರ ಬೇಡವೇ ಬೇಡ. ಟಿಂಟ್ ಎಂದರೆ ಚುಕ್ಕೆ. 7–8 ಪಾಯಿಂಟ್ ಅಕ್ಷರದ ಒತ್ತುಗಳೂ ದೀರ್ಘದ ಕೊಂಬುಗಳೂ ಆ ಚುಕ್ಕೆಗಳಲ್ಲಿ ಹರಿದುಹೋಗುತ್ತವೆ, ‘ಎಣ್ಣೆ’ಯ ಕೆಳಗಿನ ಒತ್ತು ಮಸುಕಾದ ಮುದ್ದೆಯಾಗುತ್ತದೆ. ನಿವ್ವಳ ತೂಕ, ಬ್ಯಾಚ್ ನಂಬರು, ವಿಳಾಸ ಎಲ್ಲವೂ ಸಾಲಿಡ್ ಕಪ್ಪಿನಲ್ಲಿರಲಿ.

ಶೇಂಗಾ ಕಾಯಿಯ ಫೋಟೋ ಬಳಸುವುದಾದರೆ ಅದನ್ನು ಗ್ರೇಸ್ಕೇಲ್‌ಗೆ ಬದಲಿಸಿ, ಕಪ್ಪು ಪ್ಲೇಟಿನಲ್ಲಿ ಮಾತ್ರ ಬರುವಂತೆ ಇಡಿ. ವಾಟ್ಸಾಪ್‌ನಲ್ಲಿ ಬಂದ ಜೆಪೆಗ್ ಲೋಗೋದಲ್ಲಿ ಸ್ಪಾಟ್ ಬಣ್ಣ ಇರಲು ಸಾಧ್ಯವಿಲ್ಲ. ಅದನ್ನು ಗೆರೆಗಳಲ್ಲಿ ಮತ್ತೆ ಬಿಡಿಸಿ ಬಣ್ಣ ತುಂಬುವುದೊಂದೇ ದಾರಿ. ನೆರಳು, ಪಾರದರ್ಶಕತೆ, ಲೆನ್ಸ್ ಪರಿಣಾಮಗಳನ್ನು ಕಿತ್ತಳೆಯ ಮೇಲೆ ಬಳಸಬೇಡಿ. ಅವು ಬಿಟ್‌ಮ್ಯಾಪ್ ಆಗಿ ಬದಲಾಗುವಾಗ ಸ್ಪಾಟ್ ಬಣ್ಣ ನಾಲ್ಕು ಬಣ್ಣಕ್ಕೆ ಒಡೆಯುವ ಅಪಾಯ ಇದ್ದೇ ಇರುತ್ತದೆ.

ಕಪ್ಪು ಮೇಲೆ ಕೂರಬೇಕು, ಬಿಳಿ ಕೊರೆದಿರಬೇಕು

ಲೇಬಲ್‌ನ ಕೆಳಗೆ ಸಾಲಿಡ್ ಕಿತ್ತಳೆ ಪಟ್ಟಿ, ಅದರ ಮೇಲೆ ಕಪ್ಪು ವಿಳಾಸ. ಸಾಮಾನ್ಯವಾಗಿ ಕಪ್ಪು ಅಕ್ಷರ ಇರುವ ಕಡೆ ಕಿತ್ತಳೆ ಪ್ಲೇಟಿನಲ್ಲಿ ಅಕ್ಷರದ ಆಕಾರದ ಖಾಲಿ ಜಾಗ ಬಿಡಲಾಗುತ್ತದೆ. ಸಿಂಗಲ್ ಕಲರ್ ಮಶೀನಿನಲ್ಲಿ ಕಾಗದ ಎರಡು ಸಲ ಓಡುವಾಗ ಕೂದಲೆಳೆಯಷ್ಟು ಸರಿದರೂ ಪ್ರತಿ ಅಕ್ಷರದ ಪಕ್ಕ ಬಿಳಿ ಗೆರೆ ಕಾಣುತ್ತದೆ. ಅದಕ್ಕಾಗಿ ಕಪ್ಪು ಅಕ್ಷರಗಳನ್ನು ಆಯ್ದು, ಬಲ ಕ್ಲಿಕ್ ಮಾಡಿ `Overprint Fill` ಕೊಡಿ. ಆಗ ಕಿತ್ತಳೆ ಪಟ್ಟಿ ಅಖಂಡವಾಗಿ ಅಚ್ಚಾಗಿ, ಅದರ ಮೇಲೆ ಕಪ್ಪು ಕೂರುತ್ತದೆ. ಕೆಳಗೆ ಕಿತ್ತಳೆ ಇರುವುದರಿಂದ ಕಪ್ಪು ಇನ್ನಷ್ಟು ತುಂಬಿ ಕಾಣುತ್ತದೆ. ಇನ್‌ಡಿಸೈನ್‌ನಲ್ಲಿ `[Black]` ಸ್ವಾಚ್‌ನ 100% ಕಪ್ಪು ತಾನಾಗಿಯೇ ಹೀಗೆ ಕೂರುತ್ತದೆ.

ಕಿತ್ತಳೆ ತುಂಬಿದ ಕಾಯಿಯ ಸುತ್ತ ಕಪ್ಪು ರೇಖೆ ಇದೆಯೆಂದುಕೊಳ್ಳಿ. ರೇಖೆ 1.25 ಪಾಯಿಂಟ್ ಇದ್ದರೆ ಅದರ ಅಗಲ ಸುಮಾರು 0.44 ಮಿ.ಮೀ. ಬಣ್ಣ ಆ ರೇಖೆಯ ನಡುವಿನವರೆಗೆ ಬಂದು ನಿಲ್ಲುತ್ತದೆ, ಅಂದರೆ ಎರಡೂ ಕಡೆ 0.22 ಮಿ.ಮೀ. ಮರೆ ಸಿಗುತ್ತದೆ. ರೇಖೆಗೂ ಓವರ್‌ಪ್ರಿಂಟ್ ಕೊಟ್ಟಿದ್ದರೆ ಕಾಗದ 0.2 ಮಿ.ಮೀ. ಸರಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ರೇಖೆ 0.25 ಪಾಯಿಂಟ್ ಇದ್ದರೆ ಕಿತ್ತಳೆ ಹೊರಗೆ ಇಣುಕುತ್ತದೆ.

ಇದರ ಉಲ್ಟಾ ತಪ್ಪು ಹೆಚ್ಚು ಅಪಾಯದ್ದು. ಪಟ್ಟಿಯ ಮೇಲಿನ ಕಪ್ಪು ಅಕ್ಷರಕ್ಕೆ ಓವರ್‌ಪ್ರಿಂಟ್ ಕೊಟ್ಟಾಗಿದೆ. ಆಮೇಲೆ ಮಿಲ್ಲಿನ ಮಾಲೀಕರು ‘ಅಣ್ಣಾ, ಆ ಅಕ್ಷರ ಬಿಳಿ ಮಾಡ್ರಿ, ಚೆಂದ ಕಾಣ್ತದೆ’ ಎನ್ನುತ್ತಾರೆ. ಬಣ್ಣ ಬಿಳಿಗೆ ಬದಲಾಗುತ್ತದೆ, ಓವರ್‌ಪ್ರಿಂಟ್ ಗುರುತು ಮಾತ್ರ ಹಾಗೆಯೇ ಉಳಿದುಬಿಡುತ್ತದೆ. ಬಿಳಿ ಎಂದರೆ ಇಲ್ಲಿ ಶಾಯಿ ಇಲ್ಲದಿರುವುದು. ಓವರ್‌ಪ್ರಿಂಟ್ ಇರುವ ಸಿಎಂವೈಕೆ ಬಿಳಿ, ಸ್ಪಾಟ್ ಪ್ಲೇಟನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಕಿತ್ತಳೆ ಪ್ಲೇಟಿನಲ್ಲಿ ಅಕ್ಷರದ ಜಾಗ ಕೊರೆಯುವುದಿಲ್ಲ, ಪಟ್ಟಿ ಖಾಲಿಯಾಗಿ ಅಚ್ಚಾಗುತ್ತದೆ. ಓವರ್‌ಪ್ರಿಂಟ್ ತೋರಿಸದ ಪಿಡಿಎಫ್ ವೀಕ್ಷಕದಲ್ಲಿ ಬಿಳಿ ಅಕ್ಷರ ಚೆನ್ನಾಗಿಯೇ ಕಾಣುವುದರಿಂದ ಈ ತಪ್ಪು ಮಶೀನಿನವರೆಗೂ ಹೋಗಿಬಿಡುತ್ತದೆ. ಯಾವ ಬಿಳಿ ವಸ್ತುವಿಗೂ ಓವರ್‌ಪ್ರಿಂಟ್ ಇರಬಾರದು.

ಪಿಡಿಎಫ್ ಹೊರತೆಗೆಯುವುದು

`Publish to PDF` ಮೂಲಕವೇ ತೆಗೆಯಿರಿ. ‘ಪ್ರಿಂಟ್’ ಕೊಟ್ಟು `Microsoft Print to PDF` ಆರಿಸಿದರೆ ಸ್ಪಾಟ್ ಹೆಸರು ಅಳಿಸಿಹೋಗಿ ಎಲ್ಲವೂ ಆರ್‌ಜಿಬಿ ಆಗುತ್ತದೆ. ಸೆಟ್ಟಿಂಗ್ಸ್‌ನ ಬಣ್ಣದ ಭಾಗದಲ್ಲಿ ಬಣ್ಣಗಳು `Native` ಆಗಿಯೇ ಹೋಗಲಿ, ಸ್ಪಾಟ್ ಬಣ್ಣವನ್ನು ಬೇರೆಯದಕ್ಕೆ ಬದಲಿಸುವ ಗುರುತು ಖಾಲಿ ಇರಲಿ. ನುಡಿ, ಬರಹದಂಥ ಹಳೆಯ ಕನ್ನಡ ಫಾಂಟ್ ಬಳಸಿದ್ದರೆ ಪಠ್ಯವನ್ನು ಕರ್ವ್ ಮಾಡಿಬಿಡುವುದು ಕ್ಷೇಮ. ಆದರೆ ಅದಕ್ಕೆ ಮೊದಲು ಮೂಲ ಫೈಲನ್ನು ಬೇರೆ ಹೆಸರಲ್ಲಿ ಉಳಿಸಿ.

ಇನ್‌ಡಿಸೈನ್‌ನಲ್ಲಾದರೆ ಎಕ್ಸ್‌ಪೋರ್ಟ್ ಕಿಟಕಿಯ `Ink Manager` ತೆರೆದು `All Spots to Process` ಮುಂದೆ ಗುರುತು ಇಲ್ಲವೆಂದು ನೋಡಿ. ಸ್ಕ್ರೈಬಸ್‌ನಲ್ಲಿ ಬಣ್ಣ ಮಾಡುವಾಗಲೇ ಅದು ಸ್ಪಾಟ್ ಎಂದು ಗುರುತು ಹಾಕಬೇಕು, ಪಿಡಿಎಫ್ ತೆಗೆಯುವಾಗ `Convert Spot Colors to Process Colors` ಖಾಲಿ ಬಿಡಬೇಕು. ತಯಾರಾದ ಪಿಡಿಎಫ್ಫನ್ನು ಗಾತ್ರ ಕುಗ್ಗಿಸುವ ಆನ್‌ಲೈನ್ ಸಾಧನಗಳಿಗೆ ಹಾಕಬೇಡಿ.

ಕಳಿಸುವ ಮೊದಲು ಪ್ಲೇಟು ಎಣಿಸುವುದು

ಅಕ್ರೋಬ್ಯಾಟ್ ಪ್ರೊದ ಪ್ರಿಂಟ್ ಪ್ರೊಡಕ್ಷನ್ ಸಾಧನಗಳಲ್ಲಿ `Output Preview` ತೆರೆಯಿರಿ. ಅಲ್ಲಿ ಸಯಾನ್, ಮೆಜೆಂಟಾ, ಹಳದಿ, ಕಪ್ಪಿನ ಕೆಳಗೆ ಆರೆಂಜ್ 021 ಒಂದೇ ಒಂದು ಸಲ ಕಾಣಬೇಕು. ಈಗ ಕಪ್ಪು ಮತ್ತು ಕಿತ್ತಳೆಯ ಗುರುತು ತೆಗೆಯಿರಿ. ಮೂಲೆಯ ರಿಜಿಸ್ಟ್ರೇಷನ್ ಗುರುತುಗಳನ್ನು ಬಿಟ್ಟು ಪುಟ ಪೂರ್ತಿ ಬಿಳಿಯಾಗಬೇಕು. ಏನಾದರೂ ಉಳಿದರೆ ಅದೇ ನಿಮ್ಮ ಕಳ್ಳ: ಆರ್‌ಜಿಬಿ ಕಪ್ಪು ಇರಬಹುದು, ಸಿಎಂವೈಕೆ ತಿಳಿಗಿತ್ತಳೆ ಇರಬಹುದು, ಬಣ್ಣದ ಫೋಟೋ ಇರಬಹುದು. ಆಮೇಲೆ ಕಪ್ಪೊಂದನ್ನೇ ಆರಿಸಿದಾಗ ವಿಳಾಸವೆಲ್ಲ ಕಾಣಬೇಕು. ಕಿತ್ತಳೆಯೊಂದನ್ನೇ ಆರಿಸಿದಾಗ ಪಟ್ಟಿಯಲ್ಲಿ ಕಪ್ಪು ಅಕ್ಷರದ ಜಾಗ ತುಂಬಿರಬೇಕು, ಬಿಳಿ ಅಕ್ಷರದ ಜಾಗ ಕೊರೆದಿರಬೇಕು. ಎರಡು ಹೆಸರಿನ ಕಿತ್ತಳೆ ಬಂದಿದ್ದರೆ ಮೂಲ ಫೈಲಿನಲ್ಲಿ ಸರಿಪಡಿಸುವುದೇ ಒಳ್ಳೆಯದು. ಸಮಯವಿಲ್ಲದಿದ್ದರೆ ಅಕ್ರೋಬ್ಯಾಟ್‌ನ `Ink Manager`ನಲ್ಲಿ ಒಂದನ್ನು ಇನ್ನೊಂದರ ಅಲಿಯಾಸ್ ಮಾಡಿ, ಎರಡೂ ಒಂದೇ ಪ್ಲೇಟಿಗೆ ಬೀಳುವಂತೆ ಮಾಡಬಹುದು.

ಅಕ್ರೋಬ್ಯಾಟ್ ಪ್ರೊ ಇಲ್ಲದವರಿಗೆ ಉಚಿತವಾದ ಗೋಸ್ಟ್‌ಸ್ಕ್ರಿಪ್ಟ್ ಇದೆ. ವಿಂಡೋಸ್ ಕಮಾಂಡ್ ಕಿಟಕಿಯಲ್ಲಿ ಹೀಗೆ ಕೊಡಿ:

```
gswin64c -dNOPAUSE -dBATCH -sDEVICE=tiffsep -r150 -sOutputFile=label%d.tif label.pdf
```

ಪ್ರತಿ ಶಾಯಿಗೂ ಒಂದೊಂದು ಟಿಫ್ ಚಿತ್ರ ಬರುತ್ತದೆ, ಶಾಯಿಯ ಹೆಸರು ಫೈಲಿನ ಹೆಸರಲ್ಲೇ ಇರುತ್ತದೆ. ಸಯಾನ್, ಮೆಜೆಂಟಾ, ಹಳದಿಯ ಚಿತ್ರಗಳು ಮೂಲೆಯ ರಿಜಿಸ್ಟ್ರೇಷನ್ ಗುರುತುಗಳನ್ನು ಬಿಟ್ಟು ಪೂರ್ತಿ ಬಿಳಿ ಇರಬೇಕು. ಇದೇ ಸಾಫ್ಟ್‌ವೇರ್‌ನ `inkcov` ಬಳಸಿ ಎಣಿಸಲು ಹೋಗಬೇಡಿ. ಅದು ಸ್ಪಾಟ್ ಬಣ್ಣವನ್ನೂ ಸಿಎಂವೈಕೆಗೆ ಇಳಿಸಿಯೇ ಲೆಕ್ಕ ಹಾಕುವುದರಿಂದ ಸರಿಯಾದ ಫೈಲಿನಲ್ಲೂ ಮೆಜೆಂಟಾ, ಹಳದಿ ಇದೆ ಎನ್ನುತ್ತದೆ.

ಕಿತ್ತಳೆಯನ್ನು ಮೆಜೆಂಟಾ ಪ್ಲೇಟಿನಲ್ಲಿಟ್ಟು, ಮಶೀನಿನಲ್ಲಿ ಆ ಪ್ಲೇಟಿಗೆ ಕಿತ್ತಳೆ ಶಾಯಿ ಹಾಕುವ ರೂಢಿಯೂ ಉಂಟು. ಪ್ಲೇಟು ಎರಡೇ ಬರುತ್ತವೆ, ಕೆಲಸವೂ ಆಗುತ್ತದೆ. ಆದರೆ ಅದೇ ಫೈಲ್ ಮುಂದಿನ ವರ್ಷ ಇನ್ನೊಂದು ಪ್ರೆಸ್ಸಿಗೆ ಹೋದಾಗ ಲೇಬಲ್ ಗುಲಾಬಿ ಬಣ್ಣದಲ್ಲಿ ಬರಬಹುದು, ಏಕೆಂದರೆ ಫೈಲಿನಲ್ಲಿ ಕಿತ್ತಳೆಯ ಸುಳಿವೇ ಇರುವುದಿಲ್ಲ. ಸಿಟಿಪಿಯವರು ಕೇಳಿದರೆ ಮಾತ್ರ, ಅಲಿಯಾಸ್ ಮೂಲಕ ಒಂದು ಪ್ರತಿಯನ್ನು ಹಾಗೆ ಮಾಡಿಕೊಡಿ, ಮೂಲವನ್ನು ಸ್ಪಾಟ್ ಆಗಿಯೇ ಇಟ್ಟುಕೊಳ್ಳಿ.

ಸಿಟಿಪಿಗೆ ಮತ್ತು ಮಶೀನಿಗೆ ಹೇಳಬೇಕಾದದ್ದು

ಕಿತ್ತಳೆ ಟಿಂಟ್ ಮೇಲೆ ಕಪ್ಪು ಫೋಟೋ ಬಂದಿದ್ದರೆ ಸ್ಕ್ರೀನ್ ಕೋನವನ್ನು ಬಾಯಿಬಿಟ್ಟು ಹೇಳಬೇಕು. ಕಪ್ಪಿನ ಚುಕ್ಕೆ ಸಾಲು ಸಾಮಾನ್ಯವಾಗಿ 45 ಡಿಗ್ರಿಯಲ್ಲಿರುತ್ತದೆ. ಸ್ಪಾಟ್ ಬಣ್ಣಕ್ಕೂ 45 ಡಿಗ್ರಿಯೇ ಹೊಂದಿಸಿಟ್ಟಿರುವುದು ಅಪರೂಪವಲ್ಲ. ಎರಡೂ ಒಂದೇ ಕೋನದಲ್ಲಿದ್ದು ಕಾಗದ ಕೊಂಚ ತಿರುಗಿದರೆ ಅಲೆಯಲೆಯಾದ ಪಟ್ಟೆಗಳು ಎದ್ದು ಕಾಣುತ್ತವೆ, ಫೋಟೋದ ಮೇಲೆ ಬಣ್ಣವೂ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ‘ಕಪ್ಪು 45, ಕಿತ್ತಳೆ 75’ ಎಂದು ಆರ್ಡರ್ ಚೀಟಿಯಲ್ಲೇ ಬರೆದುಕೊಡಿ.

ಲೇಸರ್ ಪ್ರಿಂಟ್ ತೋರಿಸಿ ಮಾಲೀಕರಿಂದ ಬಣ್ಣಕ್ಕೆ ಒಪ್ಪಿಗೆ ಪಡೆಯುವುದು ಜಗಳಕ್ಕೆ ದಾರಿ. ಅದರಲ್ಲಿರುವುದು ಬದಲಿ ಸಿಎಂವೈಕೆ ಕಿತ್ತಳೆ, ಮಂಕಾದದ್ದು. ಅದನ್ನು ಅಕ್ಷರ, ಕಾಗುಣಿತ, ಅಳತೆ ನೋಡಲು ಬಳಸಿ. ಬಣ್ಣಕ್ಕೆ ಶೇಡ್ ಕಾರ್ಡ್ ತೋರಿಸಿ, ಆಗಲಿಲ್ಲವೆಂದರೆ ಅದೇ ಶಾಯಿಯನ್ನು ಅದೇ ಆರ್ಟ್ ಪೇಪರಿನ ಮೇಲೆ ತೆಳುವಾಗಿ ಎಳೆದು ಒಣಗಿಸಿ ತೋರಿಸಿ.

ಮೊದಲು ಕಿತ್ತಳೆ, ಆಮೇಲೆ ಕಪ್ಪು ಓಡಲಿ. ಎರಡೂ ಓಟದಲ್ಲಿ ಮಶೀನು ಕಾಗದವನ್ನು ಹಿಡಿಯುವ ಗ್ರಿಪ್ಪರ್ ಅಂಚು ಮತ್ತು ಪಕ್ಕದಿಂದ ಕಾಗದ ತಾಗಿ ನಿಲ್ಲುವ ಸೈಡ್ ಲೇ ಒಂದೇ ಇರಬೇಕು. ಎರಡು ಓಟಗಳ ನಡುವೆ ಕಾಗದ ಒಂದು ರಾತ್ರಿ ಕೂರುವುದು ಸಾಮಾನ್ಯ. ಮೊದಲ ಓಟದಲ್ಲಿ ನೀರು ಹೀರಿದ ಕಾಗದ ದಾವಣಗೆರೆಯ ಏಪ್ರಿಲ್ ಬಿಸಿಲಿನ ಒಣ ಗಾಳಿಯಲ್ಲಿ ಕುಗ್ಗುತ್ತದೆ. ಮರುದಿನ ಶೀಟಿನ ನಡುವೆ ಬಣ್ಣ ಹೊಂದಿದರೂ ಮೂಲೆಯಲ್ಲಿ ಹೊಂದುವುದಿಲ್ಲ. ಹಾಗಾಗಿ ಶಾಯಿ ಅಂಟದಷ್ಟು ಒಣಗಿದ ಮೇಲೆ ಕಾಗದದ ರಾಶಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಪೂರ್ತಿ ಮುಚ್ಚಿಡಿ. ಮೂಲೆಯ ಗುರುತುಗಳು ಎಲ್ಲ ಪ್ಲೇಟಿನಲ್ಲೂ ಬರುವ ರಿಜಿಸ್ಟ್ರೇಷನ್ ಬಣ್ಣದಲ್ಲಿದ್ದರೆ ಈ ವ್ಯತ್ಯಾಸ ಮೊದಲ ಹತ್ತು ಶೀಟಿನಲ್ಲೇ ಗೊತ್ತಾಗುತ್ತದೆ.

ಓಟ ಮುಗಿದ ಮೇಲೆ ಮಾಲೀಕರು ಸಹಿ ಹಾಕಿದ ಒಂದು ಶೀಟಿನ ಹಿಂದೆ ಶಾಯಿಯ ಹೆಸರು, ಕಾಗದದ ಜಿಎಸ್‌ಎಂ, ತಾರೀಖು ಬರೆದು, ಬಿಸಿಲು ತಾಗದ ಲಕೋಟೆಯಲ್ಲಿ ಪಿಡಿಎಫ್ ಜೊತೆಗೇ ಇಡಿ. ಮುಂದಿನ ಆರ್ಡರ್ ಬಂದಾಗ ಬಣ್ಣ ಹೊಂದಿಸುವುದು ಈ ಶೀಟಿಗೇ ಹೊರತು ಪರದೆಗಲ್ಲ.